ಅಂಗಡಿಯ ಗಾಜಿನಲ್ಲಿ ಉಳಿದುಹೋದ ಹಳೆಯ ಅಂಗಿ

ಪ್ರಶ್ನೆ: ಫೋಟೋದಲ್ಲಿ ತಂಗಿಯ ಬಿಳಿ ಅಂಗಿಯನ್ನು ಕಡುನೀಲಿ ಕೋಟಾಗಿ ಬದಲಿಸಿದೆ. ಪಕ್ಕದ ಅಂಗಡಿಯ ಗಾಜಿನಲ್ಲಿ ಮಾತ್ರ ಇನ್ನೂ ಬಿಳಿ ಅಂಗಿಯೇ ಇದೆ. ಕೋಟನ್ನು ನಕಲು ಮಾಡಿ, ತಿರುಗಿಸಿ ಅಲ್ಲಿಟ್ಟರೆ ಅಂಟಿಸಿದಂತೆ ಕಾಣುತ್ತದೆ. ಏನು ಮಾಡಲಿ?

ಉತ್ತರ: ಅಲ್ಲಿ ಕೋಟನ್ನು ಇಡುವುದಕ್ಕಿಂತ ಅಂಗಿಯ ಬೆಳಕನ್ನು ತೆಗೆಯುವುದೇ ಮುಖ್ಯ ಕೆಲಸ. ಪಾರದರ್ಶಕ ಗಾಜು ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 8 ಶೇಕಡಾದಷ್ಟನ್ನು ಮಾತ್ರ ಪ್ರತಿಫಲಿಸುತ್ತದೆ (ಓರೆಯಾಗಿ ಬಿದ್ದರೆ ಇದು ಹೆಚ್ಚುತ್ತದೆ), ಮತ್ತು ಆ ಬೆಳಕು ಅಂಗಡಿಯ ಒಳಗಿನಿಂದ ಬರುವ ಬೆಳಕಿನೊಂದಿಗೆ ಕೂಡಿಕೊಳ್ಳುತ್ತದೆ. ಬಿಳಿ ಅಂಗಿ ತೆಳುವಾದ ಮಂಜಿನಂತೆ ಒಳಗಿನ ವಸ್ತುಗಳನ್ನು ಮಸುಕಾಗಿಸಿರುತ್ತದೆ. ಕಡುನೀಲಿ ಕೋಟು ಬೆಳಕನ್ನು ಹೆಚ್ಚು ಕೂಡಿಸದ ಕಾರಣ, ಅದರ ಪ್ರತಿಬಿಂಬ ಬೀಳುವ ಜಾಗದಲ್ಲಿ ಒಳಗಿನ ಕಪಾಟುಗಳು ಸ್ಪಷ್ಟವಾಗಿ ಕಾಣಬೇಕು.

ಫೋಟೋಶಾಪ್‌ನಲ್ಲಿ ಅಂಗಿಯ ಪ್ರತಿಬಿಂಬದ ಸುತ್ತ ಮೃದು ಅಂಚಿನ ಮಾಸ್ಕ್ ಮಾಡಿ, `Curves` ಪದರದಲ್ಲಿ ಕೆಳಗಿನ ಎಡತುದಿಯ ಬಿಂದುವನ್ನು ನಿಧಾನವಾಗಿ ಬಲಕ್ಕೆ ಸರಿಸಿ. ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಪಕ್ಕದ ಗಾಜನ್ನು ಅಳತೆಯಾಗಿ ಇಟ್ಟುಕೊಳ್ಳಬೇಡಿ, ಏಕೆಂದರೆ ಅಲ್ಲಿ ಬೀದಿಯ ಬೆಳಕು ಬಿದ್ದಿರುತ್ತದೆ. ತಂಗಿಯ ಕಪ್ಪು ಕೂದಲು ಪ್ರತಿಫಲಿಸಿರುವ ಭಾಗದಲ್ಲಿ ಒಳಗಿನ ವಸ್ತುಗಳು ಎಷ್ಟು ಗಾಢವಾಗಿವೆಯೋ ಅದಕ್ಕಿಂತ ತುಸು ಕಡಿಮೆ ಸಾಕು. ನೆರಳಿನಲ್ಲಿ ತೆಗೆದ ಚಿತ್ರವಾದರೆ ನೀಲಿ ಛಾಯೆ ಉಳಿಯಬಹುದು, ಆಗ ನೀಲಿ ಚಾನೆಲ್ಲನ್ನು ಮಾತ್ರ ಇನ್ನಷ್ಟು ಇಳಿಸಿ. ಕಾಲರ್ ಅಂಚು, ಮಡಿಕೆಗಳ ಗೆರೆಗಳು ಇಷ್ಟಾದರೂ ಹಟ ಹಿಡಿದು ಉಳಿಯುತ್ತವೆ. ಅವನ್ನು `Clone Stamp`ನಿಂದ, ಅಂಗಡಿಯೊಳಗಿನ ಭಾಗಗಳನ್ನೇ ಬಳಸಿ ಮುಚ್ಚಬೇಕು. ಕೋಟು ಅಂಗಿಗಿಂತ ಅಗಲವಾಗಿದ್ದರೆ ಮಾಸ್ಕನ್ನೂ ಅಷ್ಟೇ ಹಿಗ್ಗಿಸಿ, ಹೊಸದಾಗಿ ಸೇರಿದ ಅಂಚಿನಲ್ಲಿ ಬೀದಿಯ ಪ್ರತಿಫಲನವನ್ನೂ ಕಪ್ಪಾಗಿಸಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಆಮೇಲೆ ಕೋಟಿನ ನಕಲನ್ನು ಅಡ್ಡಡ್ಡವಾಗಿ ತಿರುಗಿಸಿ, `Screen` ವಿಧಾನದಲ್ಲಿ ಇಡಿ. ಕಪ್ಪು ಭಾಗಗಳು ತಾವಾಗಿ ಮಾಯವಾಗಿ ಗುಂಡಿಗಳ ಹೊಳಪು, ಭುಜದ ಬೆಳಕು ಮಾತ್ರ ಉಳಿಯುತ್ತವೆ. ನಿಜವಾದ ಮುಖಕ್ಕೆ ಹೋಲಿಸಿದರೆ ಗಾಜಿನಲ್ಲಿ ಮುಖ ಎಷ್ಟು ಮಂಕಾಗಿದೆಯೋ ಕೋಟೂ ಅಷ್ಟೇ ಮಂಕಾಗುವವರೆಗೆ `Opacity` ಇಳಿಸಿ. ಆದರೆ ಗಾಜು ತೋರಿಸುವುದು ತಂಗಿಯ ಆಚೆಯ ಬದಿಯನ್ನು. ಕ್ಯಾಮೆರಾಕ್ಕೆ ಕಾಣುವ ಜೇಬು ಅಲ್ಲಿ ಬರಬಾರದು. ಸ್ಥಾನ ಸರಿಯಿದೆಯೇ ಎಂದು ನೋಡಲು, ಮೊಣಕೈ, ಗಲ್ಲ, ಬೂಟುಗಳನ್ನು ಅವುಗಳ ಪ್ರತಿಬಿಂಬಗಳಿಗೆ ಜೋಡಿಸುವ ಗೆರೆಗಳನ್ನು ಎಳೆಯಿರಿ: ಅವು ಸಮಾನಾಂತರವಾಗಿರಬೇಕು, ಇಲ್ಲವೇ ಮುಂದುವರಿಸಿದಾಗ ಒಂದೇ ಬಿಂದುವಿನಲ್ಲಿ ಕೂಡಬೇಕು. ಕೋಟಿನ ಗುಂಡಿಯ ಗೆರೆ ಬೇರೆ ದಿಕ್ಕಿಗೆ ಹೋದರೆ ಪದರವನ್ನು ಸರಿಸಿ.

ಚಿತ್ರದಲ್ಲಿ ಕನ್ನಡಿಯೂ ಇದ್ದರೆ ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕನ್ನಡಿಯ ಹಿಂದಿನಿಂದ ಬೆಳಕು ಬರುವುದಿಲ್ಲವಾದ್ದರಿಂದ ಕಡುನೀಲಿ ಕೋಟು ಅಲ್ಲಿ ಕಡುನೀಲಿಯಾಗಿಯೇ ಇರಬೇಕು. `Normal` ವಿಧಾನದಲ್ಲಿ ಪೂರ್ತಿಯಾಗಿ ಇಟ್ಟು, ಬೆನ್ನು ಕಾಣುವಂತಿದ್ದರೆ ಕೋಟಿನ ಬೆನ್ನನ್ನೇ ಬೇರೆಯಾಗಿ ರೂಪಿಸಬೇಕು.