'ಸರಿ ಬಿಡಿ' ಎಂದವರ ದನಿ ಯಾವುದಿತ್ತು?

ಓದುಗರ ಪತ್ರ

ಮಾನ್ಯ ಸಂಪಾದಕರೇ,

ಮೂಡಿಗೆರೆ ತಾಲ್ಲೂಕಿನ ನಮ್ಮ ಮನೆಯಿಂದಲೇ ಬೆಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯೊಂದಕ್ಕೆ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಜುಲೈ 20 ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನವಾಗಿತ್ತು. ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು, ಹಿಂದೆಯೇ ನೆಟ್‌ವರ್ಕ್ ಕೂಡ. 'ಕರೆಂಟ್ ಇಲ್ಲ, ಶೀಟ್ ತಡವಾಗುತ್ತದೆ' ಎಂದು 3.10ಕ್ಕೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅದು ಹೋದದ್ದು 3.50ಕ್ಕೆ. ಅಷ್ಟರಲ್ಲಿ, 3.30ಕ್ಕೆ, ನಮ್ಮ ಸೀನಿಯರ್ 'ಶೀಟ್ ಏನಾಯಿತು?' ಎಂದು ಕೇಳಿದ್ದರು. ನನ್ನದು ತಲುಪಿದ ಮೇಲೆ ಒಂಬತ್ತು ಜನರ ಆ ಗುಂಪಿನಲ್ಲಿ 'ಸರಿ ಬಿಡಿ, ನಾನೇ ಮಾಡುತ್ತೇನೆ.' ಎಂದು ಬರೆದರು. ನಾನು 'ಆಗಲಿ ಸರ್. ಧನ್ಯವಾದ.' ಎಂದೆ. ಅಂದಿನಿಂದ ನನಗೆ ಬರುವುದು ಬರೀ 'ಓಕೆ.' ಮೂರು ವಾರವಾಯಿತು. ಎಲ್ಲವನ್ನೂ ವಿವರವಾಗಿ ಬರೆದು ಕಳಿಸಲೇ, ಸುಮ್ಮನಿದ್ದುಬಿಡಲೇ?

– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಸಂಪಾದಕರ ಉತ್ತರ

ಎರಡೂ ಬೇಡ. ಫೋನ್ ಮಾಡಿ. ಆದರೆ ಈ ಪುಟ ಮಡಚಿಟ್ಟ ತಕ್ಷಣವೇ ಬೇಡ. ಅದಕ್ಕೆ ಮೊದಲು ಅರ್ಧ ಗಂಟೆಯ ಕೆಲಸವಿದೆ.

ಆ ವಾಕ್ಯವನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ, ಎರಡು ಬಗೆಯಲ್ಲಿ. ಮೊದಲು, ನೆಂಟರ ಮನೆಯಲ್ಲಿ ಪಾತ್ರೆ ತೊಳೆಯಲು ಹೊರಟವರ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಾ 'ಸರಿ ಬಿಡಿ, ನಾನೇ ಮಾಡುತ್ತೇನೆ' ಎನ್ನುವ ಹಾಗೆ. 'ಬಿಡಿ' ಎಂಬಲ್ಲಿ ದನಿ ಇಳಿಯುತ್ತದೆ, 'ನಾನೇ' ಹಗುರಾಗುತ್ತದೆ. ಇನ್ನೊಮ್ಮೆ, ಮೂರು ಸಲ ಕರೆದರೂ ಏಳದ ಮಗನಿಗೆ ತಾಯಿ ಹೇಳುವ ಹಾಗೆ. ಈಗ ಭಾರವೆಲ್ಲ 'ನಾನೇ' ಎಂಬುದರ 'ಏ'ಕಾರದ ಮೇಲೆ ಬೀಳುತ್ತದೆ. ಅಕ್ಷರ ಒಂದೂ ಬದಲಾಗಿಲ್ಲ. 'ನಿಮ್ಮ ಹೊರೆ ನಾನು ಹೊರುತ್ತೇನೆ' ಎನ್ನುವುದಕ್ಕೂ 'ನಿಮ್ಮಿಂದ ಆಗುವುದಿಲ್ಲ, ಗೊತ್ತು' ಎನ್ನುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು ಸಾಕು, ಏಕೆಂದರೆ ಉಳಿದದ್ದನ್ನು ದನಿ ನೋಡಿಕೊಳ್ಳುತ್ತದೆ. ಫೋನಿನ ಪರದೆಯ ಮೇಲೆ ಆ ದನಿ ಬರುವುದಿಲ್ಲ. ಓದುವವರೇ ತಮ್ಮ ಮನಸ್ಸಿನಲ್ಲಿ ಆ ಹೊತ್ತಿಗಿದ್ದ ದನಿಯನ್ನು ಅದಕ್ಕೆ ಹಾಕಿಕೊಳ್ಳುತ್ತಾರೆ. ಅಂದು ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಕೆಲಸ ತಪ್ಪಿತಲ್ಲ ಎಂಬ ಅಳುಕು.

ಇದನ್ನು ಅಳೆದು ನೋಡಿದವರಿದ್ದಾರೆ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರಿಗೆ ಕೆಲವು ವಾಕ್ಯಗಳನ್ನು ಕೊಟ್ಟು, ಕೆಲವನ್ನು ಮನಸಾರೆ, ಕೆಲವನ್ನು ವ್ಯಂಗ್ಯವಾಗಿ ತಿಳಿಸಲು ಹೇಳಿದರು. ಒಮ್ಮೆ ಇಮೇಲ್‌ನಲ್ಲಿ, ಒಮ್ಮೆ ದನಿಯಲ್ಲಿ. ನೂರಕ್ಕೆ ಸುಮಾರು 78 ಸಲ ತಮ್ಮ ಭಾವ ಸರಿಯಾಗಿ ತಲುಪುತ್ತದೆ ಎಂದು ಕಳಿಸಿದವರು ನಂಬಿದ್ದರು. ದನಿಯಲ್ಲಿ ಅದು ಹೆಚ್ಚುಕಡಿಮೆ ನಿಜವಾಯಿತು. ಇಮೇಲ್‌ನಲ್ಲಿ ಓದಿದವರು ಸರಿಯಾಗಿ ಗುರುತಿಸಿದ್ದು ಸುಮಾರು 56 ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಲ ಸರಿಯಾಗುತ್ತಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಈ ಸೋಲಲ್ಲ, ಬರೆದವರ ಆ ನಂಬಿಕೆ. ಬರೆಯುವಾಗ ನಮ್ಮ ದನಿ ನಮ್ಮ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿರುತ್ತದೆ. ಅದು ಇನ್ನೊಬ್ಬರಿಗೆ ಕೇಳಿಸುತ್ತಿಲ್ಲ ಎಂಬುದು ಹೊಳೆಯುವುದೇ ಇಲ್ಲ.

ಕ್ರಿಸ್ಟಿನ್ ಬೈರನ್ ಎಂಬ ಸಂಶೋಧಕಿ 2008ರಲ್ಲಿ ಕಚೇರಿಯ ಇಮೇಲ್‌ಗಳ ಬಗ್ಗೆ ಬರೆದ ಲೇಖನದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬರಹದಲ್ಲಿ ಭಾವ ಸುಮ್ಮನೆ ಮಸುಕಾಗುವುದಿಲ್ಲ, ಒಂದೇ ದಿಕ್ಕಿಗೆ ಜಾರುತ್ತದೆ ಎಂಬುದು ಅವರ ವಾದ. ಪ್ರೀತಿಯಿಂದ ಬರೆದದ್ದು ಸಪ್ಪೆಯಾಗಿ ಕಾಣುತ್ತದೆ, ಸಪ್ಪೆಯಾಗಿ ಬರೆದದ್ದು ಕಹಿಯಾಗಿ ಕಾಣುತ್ತದೆ. ಆದ್ದರಿಂದ ಇಂಥ ಸಂದೇಶವನ್ನು ಮತ್ತೆ ಓದುವಾಗ, ನಿಮಗೆ ಕಂಡ ಭಾವಕ್ಕಿಂತ ಒಂದು ಮೆಟ್ಟಿಲು ಮೇಲೆ ಇಟ್ಟು ಓದಿ.

ಈಗ ಆ ನಲವತ್ತು ನಿಮಿಷಗಳನ್ನು ಅವರ ಮೇಜಿನಿಂದ ನೋಡೋಣ. 3.10ಕ್ಕೆ ನೀವು ಬರೆದಿರಿ, ಆದರೆ ನಿಮ್ಮ ಫೋನಿನಲ್ಲಿ ಅದರ ಪಕ್ಕ ಪುಟ್ಟ ಗಡಿಯಾರದ ಗುರುತು ಇದ್ದಿರಬೇಕು. ಸಂದೇಶ ಇನ್ನೂ ಫೋನನ್ನೇ ಬಿಟ್ಟಿಲ್ಲ ಎಂದು ಅದರ ಅರ್ಥ. 3.30ಕ್ಕೆ ಅವರು ಕೇಳಿದಾಗ ಅವರ ಪಾಲಿಗೆ ನೀವು ಏನೂ ಹೇಳಿರಲಿಲ್ಲ. ನಂತರ ಇಪ್ಪತ್ತು ನಿಮಿಷ ಉತ್ತರವಿಲ್ಲ. ರಿಟರ್ನ್ ತಡವಾದರೆ ವಿಳಂಬ ಶುಲ್ಕ ಬೀಳುತ್ತದೆ, ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಅವರು. 3.50ಕ್ಕೆ ನಿಮ್ಮ ಸಾಲು ಬಂದಾಗ, ಅದು ಅವರ ಪ್ರಶ್ನೆಗೆ ಕೊಟ್ಟ ಉತ್ತರದಂತೆ ಕಂಡಿತು: ಕೇಳಿ ಇಪ್ಪತ್ತು ನಿಮಿಷವಾದ ಮೇಲೆ 'ಕರೆಂಟ್ ಇಲ್ಲ.' ನೀವೇ ಮೊದಲು ತಿಳಿಸಿದ್ದಿರಿ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲದಿರಬಹುದು. ಜುಲೈ ತಿಂಗಳಲ್ಲಿ ನಮ್ಮ ಮಲೆನಾಡಿನಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಏನೇನು ನಿಂತುಹೋಗುತ್ತದೆ ಎಂಬುದು ಬೆಂಗಳೂರಿನಲ್ಲಿ ಕುಳಿತವರ ಕಣ್ಣಿಗೆ ಬರುವುದಿಲ್ಲ.

ನಿಮ್ಮ ಉತ್ತರವನ್ನೂ ಹಾಗೆಯೇ ನೋಡಿ. 'ಆಗಲಿ ಸರ್. ಧನ್ಯವಾದ.' ಅವರು ನಿಜವಾಗಿ ನಿಮ್ಮ ಹೊರೆ ಇಳಿಸಲೆಂದೇ ಬರೆದಿದ್ದರೆ, ಈ ನಾಲ್ಕು ಅಡಿ ದೂರ ನಿಂತ 'ಧನ್ಯವಾದ' ಅವರಿಗೆ ಹೇಗೆ ಕೇಳಿಸಿರಬೇಕು? ಸಹಾಯ ಮಾಡಿದ್ದಕ್ಕೆ ಮುನಿಸು ಎಂದೇ. ಆಮೇಲೆ ಬಂದ 'ಓಕೆ.'ಗಳು ಅಲ್ಲಿಂದಲೇ ಹುಟ್ಟಿರಬಹುದು.

'ಇರಬಹುದು' ಎನ್ನುತ್ತಿದ್ದೇನೆ. ಪರೀಕ್ಷಿಸುವ ದಾರಿ ಒಂದಿದೆ. ಅದೇ ಗುಂಪಿನಲ್ಲಿ ಬೆರಳಾಡಿಸಿ ಹಿಂದಕ್ಕೆ ಹೋಗಿ, ಆ ಹಿರಿಯರು ಬೇರೆಯವರಿಗೆ ಬರೆದದ್ದನ್ನು ಓದಿ: ಜುಲೈ 20ಕ್ಕಿಂತ ಮೊದಲಿನದು, ನಂತರದ್ದು, ಹಿಂದಿನ ತಿಂಗಳುಗಳ 20ನೇ ತಾರೀಖಿನದು. ಎಲ್ಲರಿಗೂ 'ಓಕೆ.' ಎಂದೇ ಬರೆಯುತ್ತಿದ್ದರೆ ಅದು ಅವರ ಕೈಯ ಅಭ್ಯಾಸ, ನಿಮ್ಮ ಲೆಕ್ಕಕ್ಕೆ ಸೇರಿದ್ದಲ್ಲ. ಕೊನೆಯ ದಿನಗಳಲ್ಲಿ ಮಾತ್ರ ಮಾತು ಮೊಟಕಾಗುತ್ತಿದ್ದರೆ ಅದು ಒತ್ತಡ. ಇತರರಿಗೆ ಮೊದಲಿನಂತೆಯೇ ಬರೆದು, ನಿಮಗೆ ಮಾತ್ರ 20ರ ನಂತರ ಬದಲಾಗಿದ್ದರೆ, ಆಗ ನಿಮ್ಮಿಬ್ಬರ ನಡುವೆ ನಿಜವಾಗಿ ಏನೋ ಸಿಕ್ಕಿಕೊಂಡಿದೆ ಎಂದು ತಿಳಿಯಿರಿ.

ವಿವರವಾಗಿ ಬರೆಯುವುದು ಏಕೆ ಬೇಡ ಎಂದರೆ, ದನಿ ಇಲ್ಲದ್ದರಿಂದ ಕೆಟ್ಟದ್ದನ್ನು ದನಿ ಇಲ್ಲದ ಜಾಗದಲ್ಲೇ ಸರಿಪಡಿಸಲು ಹೋದಂತಾಗುತ್ತದೆ. ಪರದೆ ತುಂಬ ಬಂದ ವಿವರಣೆ ದೂರಿನ ಹಾಗೆ ಕಾಣುತ್ತದೆ. ಅದರ ಒಂದೊಂದು ವಾಕ್ಯಕ್ಕೂ ಮತ್ತೆ ಎರಡೆರಡು ದನಿ. ಕೆಲವು ವರ್ಷಗಳ ಹಿಂದೆ ಲೇಖಕರೊಬ್ಬರಿಗೆ ನಾನು 'ಬರಹ ನೋಡಿದೆ.' ಎಂದಷ್ಟೇ ಸಂದೇಶ ಕಳಿಸಿದ್ದೆ. ಬಂದಿದೆ, ಇನ್ನು ಓದುತ್ತೇನೆ ಎಂಬುದು ನನ್ನ ಅರ್ಥ. ಇಷ್ಟವಾಗಲಿಲ್ಲ ಎಂದು ಅವರು ತಿಳಿದರು. ನಾನು ಮೂರು ಪ್ಯಾರಾ ಬರೆದು ಸಮಜಾಯಿಷಿ ಕೊಟ್ಟೆ, ಅವರು ಐದು ಪ್ಯಾರಾ ಬರೆದರು. ಹನ್ನೊಂದು ದಿನ ಹೀಗೇ ನಡೆದು, ಕೊನೆಗೆ ಫೋನಿನಲ್ಲಿ ಏಳು ನಿಮಿಷಕ್ಕೆ ಮುಗಿಯಿತು. ಆ ಹನ್ನೊಂದು ದಿನ ಅವರಿಗೆ ಕೊಟ್ಟ ನೋವಿನ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ನಗುಮುಖದ ಚಿತ್ರಗಳನ್ನೂ ನಂಬಬೇಡಿ; ಮುನಿಸಿನ ನಡುವೆ ಬಂದ ನಗು ಅಣಕದಂತೆ ಕಾಣುತ್ತದೆ, ಮುಗಿದ ಕೈಗಳು 'ಸಾಕು, ಬಿಟ್ಟುಬಿಡಿ' ಎಂದಂತೆ.

ಕರೆಗೆ ಸಮಯ ಕೇಳುವ ಸಂದೇಶವನ್ನು ಗುಂಪಿನಲ್ಲಿ ಹಾಕದೆ ಅವರೊಬ್ಬರಿಗೇ ಕಳಿಸಿ. 'ಸ್ವಲ್ಪ ಮಾತನಾಡಬೇಕಿತ್ತು' ಎಂದಷ್ಟೇ ಬರೆದರೆ ಓದಿದವರಿಗೆ ರಾಜೀನಾಮೆಯೋ ದೂರೋ ಎಂಬ ಆತಂಕ ಹುಟ್ಟುತ್ತದೆ. ವಿಷಯ, ಉದ್ದೇಶ, ಅವಧಿ ಮೂರೂ ಅದರಲ್ಲಿರಲಿ: 'ಸರ್, ಜುಲೈ 20ರ ಶೀಟ್ ವಿಷಯ. ನನ್ನ ಸಂದೇಶ ತಡವಾಗಿ ತಲುಪಿದ್ದನ್ನು ನಿಮಗೆ ಹೇಳಿಲ್ಲ, ಹೇಳಬೇಕು ಅನಿಸಿತು. ನಾಳೆ ಬೆಳಿಗ್ಗೆ ನಿಮಗೆ ಅನುಕೂಲವಾದಾಗ ಐದು ನಿಮಿಷ ಕರೆ ಮಾಡಲೇ?' ತಿಂಗಳ 20ರ ಆಸುಪಾಸಿನಲ್ಲಿ ಮಾತ್ರ ಕೇಳಬೇಡಿ.

ಕರೆಯಲ್ಲಿ ಮೊದಲು ನಿಮ್ಮ ಮಾತಿನಿಂದ ಆರಂಭಿಸಿ, ಅವರ ಮಾತಿನಿಂದಲ್ಲ. 3.10, 3.50ರ ಸಂಗತಿ ಹೇಳಿ. 'ಆ ದಿನ ನನ್ನ ಉತ್ತರ ಬಿಗಿಯಾಗಿತ್ತು ಸರ್. ನೀವು ಬರೆದದ್ದನ್ನು ಬೇಸರದಿಂದ ಬರೆದಿದ್ದೀರಿ ಎಂದು ಓದಿಕೊಂಡೆ. ನಿಮ್ಮ ಮನಸ್ಸಿನಲ್ಲಿ ಏನಿತ್ತು?' ಎಂದು ಕೇಳಿ. 'ನೀವು ಎಲ್ಲರೆದುರು ಹಂಗಿಸಿದಿರಿ' ಎಂದರೆ ಅವರು ತಮ್ಮನ್ನು ಕಾಪಾಡಿಕೊಳ್ಳಬೇಕಾಗುತ್ತದೆ. 'ನಾನು ಹಾಗೆ ಓದಿಕೊಂಡೆ' ಎಂದರೆ ತಿದ್ದಲು ಅವರಿಗೆ ಜಾಗ ಸಿಗುತ್ತದೆ. ಕೇಳಿದ ಮೇಲೆ ಸುಮ್ಮನಿರಿ. ಮೌನ ಎರಡು ಕ್ಷಣ ಉದ್ದವಾದರೂ ಅದನ್ನು ತುಂಬಲು ಹೋಗಬೇಡಿ.

ಅವರು 'ಅಯ್ಯೋ, ನಿಮಗೆ ತೊಂದರೆ ಬೇಡ ಎಂದು ಹಾಗೆ ಬರೆದೆ' ಎಂದರೆ ವಿಷಯ ಅಲ್ಲಿಗೆ ಮುಗಿಯಿತು. 'ಹೌದು, ಆ ದಿನ ಸಿಟ್ಟು ಬಂದಿತ್ತು' ಎಂದರೂ ಕಂಗೆಡಬೇಡಿ. ಆಗ ನೀವು ದನಿಯನ್ನು ಸರಿಯಾಗಿಯೇ ಓದಿದ್ದಿರಿ. ಇನ್ನು ಮಾತನಾಡಬೇಕಾದದ್ದು ದನಿಯ ಬಗ್ಗೆಯಲ್ಲ, ಕರೆಂಟ್ ಹೋದ ದಿನ ಕೆಲಸ ಹೇಗೆ ನಡೆಯಬೇಕು ಎಂಬ ಬಗ್ಗೆ. ಎರಡು ಸಂದರ್ಭದಲ್ಲೂ ಒಂದು ಒಪ್ಪಂದ ಮಾಡಿಕೊಳ್ಳಿ: ಕೊನೆಯ ದಿನದ ಶೀಟನ್ನು ನೀವು ಹಿಂದಿನ ಸಂಜೆಯೇ ಆದಷ್ಟು ಮುಗಿಸಿ ಕಳಿಸುವುದು, ಗಡಿಯಾರದ ಗುರುತು ಐದು ನಿಮಿಷ ಹೋಗದಿದ್ದರೆ ಮನೆಯಲ್ಲಿ ಬೇರೆ ಕಂಪನಿಯ ಸಿಮ್ ಇರುವ ಫೋನಿನಿಂದ ಅವರಿಗೆ ಕರೆ ಮಾಡುವುದು. ಇನ್ನೊಬ್ಬರ ಕೆಲಸವನ್ನು ತಾವು ಎತ್ತಿಕೊಳ್ಳುವಾಗ, ದನಿ ಹೇಳಬೇಕಾಗಿದ್ದ ಅರ್ಧ ಸಾಲನ್ನು ಅವರು ಸೇರಿಸಿ ಬರೆಯಲಿ: 'ಸರಿ ಬಿಡಿ, ನಾನೇ ಮಾಡುತ್ತೇನೆ, ನೀವು ಕರೆಂಟ್ ಬಂದ ಮೇಲೆ ಒಮ್ಮೆ ನೋಡಿ.' ಆ ಬಾಲ ಸೇರಿದ ಮೇಲೆ 'ನಾನೇ' ಚುಚ್ಚುವುದಿಲ್ಲ.

ಮಾತು ಮುಗಿದ ಮೇಲೆ ಗುಂಪಿನಲ್ಲಿ ಕ್ಷಮೆ ಕೇಳುವುದೇನೂ ಬೇಡ. ಆದರೆ ಬಿಗಿಯನ್ನು ಏಳು ಜನ ಬೇರೆಯವರೂ ನೋಡಿದ್ದಾರೆ. ಕೆಲಸದ್ದೇ ಒಂದು ಸಾಲನ್ನು ಅಲ್ಲಿ ಮೊದಲಿನ ನಿಮ್ಮ ದನಿಯಲ್ಲಿ ಬರೆಯಿರಿ: 'ಸರ್, ನೀವು ಹೇಳಿದಂತೆ ಈ ತಿಂಗಳ ಶೀಟ್ 19ರ ಸಂಜೆಗೇ ಕಳಿಸುತ್ತೇನೆ.' ಅವರಿಗೆ ಅರ್ಥವಾಗುತ್ತದೆ.

ಇವೆಲ್ಲ ತಪ್ಪಾಗಿ ಓದಿಕೊಂಡ ದನಿಗೆ ಮಾತ್ರ. ಕರೆಯ ನಂತರವೂ ಎಲ್ಲರೆದುರು ನಿಮ್ಮೊಬ್ಬರನ್ನೇ ಚುಚ್ಚುವ ಮಾತು ಬರುತ್ತಲೇ ಇದ್ದರೆ, ಅದನ್ನು ನಿಮ್ಮ ಓದಿನ ತಪ್ಪು ಎಂದುಕೊಂಡು ನುಂಗಬೇಡಿ. ತಾರೀಖು ಸಮೇತ ತೆಗೆದಿಟ್ಟು, ಅವರ ಮೇಲಿನವರ ಬಳಿ ಮಾತನಾಡಿ.

ಇನ್ನೊಂದು ಮಾತು. ನೆಟ್‌ವರ್ಕ್ ಹರಿದು ಹರಿದು ಬರುವಾಗ ಕರೆ ಮಾಡಬೇಡಿ. ಮಾತು ಒಂದು ಕ್ಷಣ ತಡವಾಗಿ ಕೇಳಿದರೂ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ನಿಲ್ಲುತ್ತೀರಿ. ಆ ಎಡವಟ್ಟೂ ಹಿಂಜರಿಕೆಯಂತೆ ಕೇಳಿಸುತ್ತದೆ. ನಿಮ್ಮ ಊರಿನಲ್ಲೂ ಸಿಗ್ನಲ್ ಚೆನ್ನಾಗಿ ಸಿಗುವ ಒಂದು ದಿಣ್ಣೆಯೋ ಬಸ್ ತಂಗುದಾಣವೋ ಇದ್ದೇ ಇರುತ್ತದೆ. ಮಧ್ಯಾಹ್ನದ ಮಳೆ ಹಿಡಿಯುವ ಮೊದಲು, ಬೆಳಿಗ್ಗೆಯೇ ಅಲ್ಲಿಗೆ ಹೋಗಿ ಕರೆ ಮಾಡಿ.