ಡ್ರಮ್ಮಿನ ಪರಂಗಿ ಗಾಳಿಗೆ ವಾಲಿದಾಗ

"ಹಾಸನದಲ್ಲಿ ತಾರಸಿಯ ಮೇಲೆ 200 ಲೀಟರ್ ಡ್ರಮ್ಮಿನಲ್ಲಿಟ್ಟ ಪರಂಗಿ ಗಿಡ ಮಳೆಗಾಳಿಗೆ ವಾಲಿದೆ, ಕೆಳಗಿನ ಎಲೆಗಳು ಹಳದಿಯಾಗುತ್ತಿವೆ. ಗೊಬ್ಬರ ಹೆಚ್ಚಿಸಲೇ?"

ಇದು ಬಹುಶಃ ಗೊಬ್ಬರದ ಕೊರತೆಯಲ್ಲ. ಡ್ರಮ್ಮಿನ ತಳದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿರಬೇಕು, ಅಂತಹ ಬೇರು ಗಾಳಿಗೆ ಹಿಡಿತ ಬಿಡುತ್ತದೆ. ತೀರ ಕೆಳಗಿನ ಒಂದೆರಡು ಎಲೆ ಮಾತ್ರ ಹಳದಿಯಾಗಿದ್ದರೆ ಅದು ಸಹಜವಾದ ವಯಸ್ಸಿನ ಲಕ್ಷಣವೂ ಆಗಿರಬಹುದು.

ಮೊದಲು ಮಣ್ಣಿನ ಮಟ್ಟದಲ್ಲಿ ಕಾಂಡವನ್ನು ಒತ್ತಿ ನೋಡಿ. ಅದು ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಗಿಡ ಉಳಿಯುವುದು ಕಷ್ಟ, ಕಿತ್ತುಹಾಕುವುದೇ ಒಳಿತು. ಗಟ್ಟಿಯಾಗಿದ್ದರೆ ಡ್ರಮ್ಮನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ತಳದ ರಂಧ್ರಗಳಿಗೆ ಸಲಾಕೆ ಹಾಕಿ ನೀರು ಸರಾಗವಾಗಿ ಹೊರಬರುವಂತೆ ಮಾಡಿ. ಕಾಂಡದ ಸುತ್ತ ಹೊಸ ಮಣ್ಣು ಏರಿಸಬೇಡಿ, ಅದು ಕೊಳೆಗೆ ದಾರಿ.

ಆಸರೆಯ ಗೂಟವನ್ನು ಮಣ್ಣಿಗೆ ಚುಚ್ಚಿದರೆ ಬೇರು ಕತ್ತರಿಸುತ್ತದೆ, ಜೊತೆಗೆ ಸಡಿಲ ಮಣ್ಣಿನಲ್ಲಿ ಅದು ನಿಲ್ಲುವುದೂ ಇಲ್ಲ. ಆದ್ದರಿಂದ ಮೂರು ಬಿದಿರು ಗಳುಗಳನ್ನು ಡ್ರಮ್ಮಿನ ಹೊರಮೈಗೆ ತಂತಿಯಿಂದ ಬಿಗಿದು, ಗಿಡದ ಅರ್ಧಕ್ಕಿಂತ ತುಸು ಮೇಲೆ ಹಳೆಯ ಸೀರೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ, ಒಂದು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿ. ವಾಲಿದ ಗಿಡವನ್ನು ಒಂದೇ ಸಲ ಎಳೆದು ನೆಟ್ಟಗೆ ಮಾಡಬೇಡಿ. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿಗಿಸಿ. ಡ್ರಮ್ಮೇ ಉರುಳದಂತೆ ಅದನ್ನೂ ಗಟ್ಟಿಯಾದ ಕಂಬಕ್ಕೆ ಕಟ್ಟಿ.

ತುದಿಯಲ್ಲಿ ಹೊಸ ಎಲೆ ಬರುವವರೆಗೆ ಯಾವ ಗೊಬ್ಬರವೂ ಬೇಡ. ನಂತರ ತಿಂಗಳಿಗೊಮ್ಮೆ ಒಂದು ಕೆಜಿ ಎರೆಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿಯನ್ನು ಕಾಂಡದಿಂದ ಒಂದು ಗೇಣು ದೂರದಲ್ಲಿ ಕೊಡಿ. ಹೂ ಬಂದ ಮೇಲೆ ಇದರೊಂದಿಗೆ ಎರಡು ಚಮಚ ಪೊಟ್ಯಾಷ್ ಸೇರಿಸಿ. ಜಡಿಮಳೆಯ ವಾರಗಳಲ್ಲಿ ಕೊಟ್ಟರೆ ಗೊಬ್ಬರವೆಲ್ಲ ರಂಧ್ರದಿಂದ ಹರಿದುಹೋಗುತ್ತದೆ, ಹಾಗಾಗಿ ಹೊಳವು ಸಿಕ್ಕಾಗಲೇ ಹಾಕಿ.