ಉಪ್ಪಿಟ್ಟಿನ ಮುಖ ನೋಡಿ, ಅಕ್ಕೋರೇ

*ಸಂಪಾದಕರಿಗೆ ನಮಸ್ಕಾರ. ನನ್ನ ಮಗಳ ಮಗ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೋ ಹಾಕಿದ. ಒಬ್ಬ ಹುಡುಗ ಜೊತೆಗಿದ್ದವಳನ್ನು ಬಿಟ್ಟು, ಕೆಂಪು ಬಟ್ಟೆಯ ಇನ್ನೊಬ್ಬಳನ್ನು ಹೊರಳಿ ನೋಡುತ್ತಿದ್ದಾನೆ. ಅವನ ಮೇಲೆ ‘ನಾನು’, ಕೆಂಪು ಬಟ್ಟೆಯವಳ ಮೇಲೆ ‘ಗಿರ್ಮಿಟ್ಟು ಮಿರ್ಚಿ’, ಜೊತೆಗಿದ್ದವಳ ಮೇಲೆ ‘ಅವ್ವ ಮಾಡಿಟ್ಟ ಉಪ್ಪಿಟ್ಟು’ ಅಂತ ಬರೆದಿತ್ತು. ‘ಯಾರೋ ಇಂವಾ, ನಿನ್ನ ಗೆಳ್ಯಾ ಏನು? ಇಂಥವರ ಸಂಗ ಬ್ಯಾಡ’ ಎಂದು ಬರೆದೆ. ಎಲ್ಲರೂ ನಕ್ಕರು. ಇದರಲ್ಲಿ ನಗುವಂಥದ್ದು ಏನಿದೆ? ಮುಂದಿನ ಸಲ ನನಗೇ ತಿಳಿಯುವುದು ಹೇಗೆ?*
*— ನಿವೃತ್ತ ಶಾಲಾ ಶಿಕ್ಷಕಿ, ಗದಗ*

ಅಕ್ಕೋರೇ, ನಮಸ್ಕಾರ.

ಮೊದಲು ಆ ಹುಡುಗನ ವಿಷಯ ಹೇಳಿಬಿಡುತ್ತೇನೆ. ಅವನು ನಿಮ್ಮ ಮೊಮ್ಮಗನ ಗೆಳೆಯನಲ್ಲ, ಹುಬ್ಬಳ್ಳಿಯವನೂ ಅಲ್ಲ. ಆ ಫೋಟೋ ತೆಗೆದವರು ಆಂಟೋನಿಯೋ ಗಿಲ್ಯೆಮ್ ಎಂಬ ಸ್ಪೇನ್ ದೇಶದ ಛಾಯಾಗ್ರಾಹಕರು. 2015ರಲ್ಲಿ ಅಲ್ಲಿನ ಜಿರೋನಾ ಊರಿನ ಬೀದಿಯಲ್ಲಿ ತೆಗೆದದ್ದು. ಮೂವರೂ ಮಾಡೆಲ್‌ಗಳು, ಹೇಳಿಕೊಟ್ಟಂತೆ ಅಭಿನಯಿಸಿದವರು. ಲೇಖನದ ಜೊತೆಗೋ ಜಾಹೀರಾತಿಗೋ ಬೇಕಾದವರು ದುಡ್ಡು ಕೊಟ್ಟು ಕೊಳ್ಳಲಿ ಎಂದು ಇಂಥ ಫೋಟೋ ತೆಗೆದಿಡುತ್ತಾರೆ. ನಮ್ಮಂಥ ಪತ್ರಿಕೆಯವರೂ ಕೊಳ್ಳುತ್ತೇವೆ. 2017ರ ಆಗಸ್ಟ್ ಹೊತ್ತಿಗೆ ಜನ ಇದರ ಮೇಲೆ ಮಾತು ಬರೆದು ಎಲ್ಲೆಡೆ ಹಂಚತೊಡಗಿದರು. ಅಂದಿನಿಂದ ಇದು ಊರೂರು ತಿರುಗುತ್ತಿದೆ. ಹೀಗೆ ನಗಿಸಲೆಂದು ಮಾತು ಬರೆದು ಹಂಚುವ ಫೋಟೋಗೆ ಮೀಮ್ ಎನ್ನುತ್ತಾರೆ. ಮತ್ತೆ ಮತ್ತೆ ಬಳಸುವ ಕೆಳಗಿನ ಫೋಟೋಗೆ ಟೆಂಪ್ಲೇಟ್ ಎನ್ನುತ್ತಾರೆ.

ನೀವು ಶಾಲೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಎಷ್ಟು ಸಲ ಬರೆಸಿಲ್ಲ? ಟೆಂಪ್ಲೇಟ್ ಎಂದರೆ ಅದೇ. ಈ ಫೋಟೋದೊಳಗೆ ಒಂದು ವಾಕ್ಯ ಮೊದಲೇ ಇದೆ: ‘ಒಬ್ಬನು ತನ್ನ ಜೊತೆಗಿರುವ ______ ಮರೆತು, ಎದುರು ಕಂಡ ______ ಗೆ ಮನಸೋತ.’ ವಾಕ್ಯ ಬದಲಾಗುವುದಿಲ್ಲ. ಬಿಟ್ಟ ಸ್ಥಳ ಮಾತ್ರ ಪ್ರತಿ ಸಲ ಬೇರೆಯವರು ತುಂಬುತ್ತಾರೆ. ಹುಡುಗ ಎಂದರೆ ಆಯ್ಕೆ ಮಾಡುವವನು. ಕೆಂಪು ಬಟ್ಟೆಯವಳು ಸೆಳೆಯುವ ವಸ್ತು. ಜೊತೆಯವಳು ಅವನು ನಿಷ್ಠೆಯಿಂದ ಇರಬೇಕಾದ, ಆದರೆ ಈಗ ಕೈಬಿಡುತ್ತಿರುವ ವಸ್ತು.

ನೀವು ಫೋಟೋವನ್ನು ಸರಿಯಾಗೇ ನೋಡಿದ್ದೀರಿ, ಮಾತುಗಳನ್ನೂ ಓದಿದ್ದೀರಿ. ಆದರೆ ಎರಡನ್ನೂ ಬೇರೆಬೇರೆ ಇಟ್ಟುಕೊಂಡಿರಿ. ಹುಡುಗನ ಮೇಲಿದ್ದ ‘ನಾನು’ ಎಂಬುದನ್ನು ಬಿಟ್ಟು, ಅವನು ನಿಜವಾಗಿ ಯಾರು ಎಂದು ಕೇಳಿದಿರಿ. ಆ ‘ನಾನು’ ಫೋಟೋದ ಮಾಹಿತಿಯಲ್ಲ, ಪಾತ್ರ ಹಂಚಿಕೆ. ದೊಡ್ಡಾಟದಲ್ಲಿ ಕಿರೀಟ ಇಟ್ಟುಕೊಂಡವನು ಇವತ್ತು ಒಬ್ಬ ರಾಜ, ನಾಳೆ ಇನ್ನೊಬ್ಬ ರಾಜ. ಕಿರೀಟ ಅದೇ, ಹೆಸರು ಬೇರೆ, ಅಲ್ವಾ?

ಈಗ ನಿಮ್ಮ ಫೋಟೋವನ್ನೇ ಎಡದಿಂದ ಬಲಕ್ಕೆ ಓದೋಣ. ಎಡಕ್ಕೆ ಕೆಂಪು ಬಟ್ಟೆಯವಳು, ಸ್ವಲ್ಪ ಮಸುಕಾಗಿದ್ದಾಳೆ. ಅಲ್ಲಿ ಗಿರ್ಮಿಟ್ಟು ಮಿರ್ಚಿ. ನಡುವೆ ಹುಡುಗ, ಕುತ್ತಿಗೆ ಪೂರ್ತಿ ಹೊರಳಿಸಿ ತುಟಿ ಚೂಪು ಮಾಡಿದ್ದಾನೆ. ಅಲ್ಲಿ ನಿಮ್ಮ ಮೊಮ್ಮಗ. ಇಷ್ಟರವರೆಗೆ ನಗು ಬರುವುದಿಲ್ಲ. ಸಂಜೆ ಹುಬ್ಬಳ್ಳಿಯಲ್ಲಿ ಬಿಸಿ ಮಿರ್ಚಿ ಕಂಡರೆ ಯಾರ ಕುತ್ತಿಗೆ ಹೊರಳುವುದಿಲ್ಲ? ಆಮೇಲೆ ಕಣ್ಣು ಬಲಕ್ಕೆ ಬರುತ್ತದೆ. ಅಲ್ಲೊಬ್ಬಳು ಬಾಯಿ ತೆರೆದು, ನಂಬಲಾಗದೆ ಅವನನ್ನೇ ನೋಡುತ್ತಿದ್ದಾಳೆ. ಅವಳ ಮೇಲೆ ‘ಉಪ್ಪಿಟ್ಟು’ ಎಂದಿದೆ. ಅಂದರೆ ಆ ಸಿಟ್ಟು, ಆ ಅವಮಾನ ಎಲ್ಲ ಉಪ್ಪಿಟ್ಟಿನದು. ಡಬ್ಬಿಯಲ್ಲಿ ಮುಚ್ಚಿಟ್ಟ ಉಪ್ಪಿಟ್ಟು ‘ನಾನಿಲ್ಲಿ ಇದ್ದೀನಲ್ಲೋ!’ ಎನ್ನುತ್ತಿದೆ. ನಿಮ್ಮ ಮನೆಯವರು ನಕ್ಕದ್ದು ಅದಕ್ಕೆ. ಆ ಮುಖಭಾವ ಬರವಣಿಗೆಯಲ್ಲಿ ಇಲ್ಲ, ಉಪ್ಪಿಟ್ಟು ಫೋಟೋದಲ್ಲಿ ಇಲ್ಲ. ಎರಡೂ ಕೂಡಿದಾಗ ಮಾತ್ರ ಮುನಿಸಿಕೊಂಡ ಉಪ್ಪಿಟ್ಟು ಹುಟ್ಟುತ್ತದೆ.

ಅನುಮಾನ ಇದ್ದರೆ ಎರಡು ಹೆಸರು ಅದಲುಬದಲು ಮಾಡಿ ನೋಡಿ. ಜೊತೆಯಲ್ಲಿ ಗಿರ್ಮಿಟ್ಟು, ಕೆಂಪು ಬಟ್ಟೆಯಲ್ಲಿ ಉಪ್ಪಿಟ್ಟು. ಆಗ ದಿನಾ ಹೊರಗೆ ತಿನ್ನುವ ಹಾಸ್ಟೆಲ್ ಹುಡುಗ ಮನೆಯ ಉಪ್ಪಿಟ್ಟಿಗೆ ಹಂಬಲಿಸಿದ ಕಥೆಯಾಗುತ್ತದೆ. ಮಾತು ಅವೇ, ಫೋಟೋ ಅದೇ, ಅರ್ಥ ಪೂರ್ತಿ ತಿರುಗಿತು. ಹಾಗಾಗಿ ಏನು ಬರೆದಿದೆ ಎನ್ನುವಷ್ಟೇ, ಯಾರ ಮೇಲೆ ಬರೆದಿದೆ ಎನ್ನುವುದನ್ನೂ ನೋಡಬೇಕು.

ಇದೇ ಫೋಟೋದಲ್ಲಿ ನನಗೆ ಜಾಸ್ತಿ ಇಷ್ಟವಾದ ಒಂದು ಮೀಮ್ ಇದೆ. 2017ರ ಆಗಸ್ಟ್ 21ರಂದು ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣ ಕಂಡಿತು. ಆಗ ಯಾರೋ ಹುಡುಗನ ಮೇಲೆ ‘ನಾನು’ ಎಂದು ಬರೆದರು. ಕೆಂಪು ಬಟ್ಟೆಯವಳು ಸೂರ್ಯಗ್ರಹಣ. ಜೊತೆಯವಳು, ಸೂರ್ಯನನ್ನು ಬರಿಗಣ್ಣಿನಲ್ಲಿ ನೋಡಿದರೆ ಅಪಾಯ ಎನ್ನುವ ವಿಜ್ಞಾನದ ಪುರಾವೆ. ಉಪ್ಪಿಟ್ಟಿನ ಮೀಮ್‌ನಲ್ಲಿ ‘ಹೊರಳಿ ನೋಡುವುದು’ ಎಂದರೆ ಆಸೆಪಡುವುದು. ಇಲ್ಲಿ ತಪ್ಪೇ ‘ನೋಡುವುದು’. ಫೋಟೋದಲ್ಲಿ ನಡೆಯುವ ಕೆಲಸವೂ ಮಾತು ಹೇಳುವ ಕೆಲಸವೂ ಒಂದೇ ಆಗಿಬಿಟ್ಟವು. ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ.

ಮುಂದಿನ ಸಲ ಟೆಂಪ್ಲೇಟ್ ಎಂದು ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಬರವಣಿಗೆ ಎಲ್ಲಿದೆ ನೋಡಿ. ಸುದ್ದಿಯ ಫೋಟೋ ಆದರೆ ವಿವರ ಕೆಳಗೆ, ಪೂರ್ತಿ ವಾಕ್ಯದಲ್ಲಿ ಇರುತ್ತದೆ. ಇಲ್ಲಿ ಒಂದೊಂದು ಹೆಸರು ಜನರ ಮೈಮೇಲೇ ಕೂತಿದೆ, ಅದೂ ಮನುಷ್ಯರಿಗೆ ಇಡದ ಹೆಸರು. ವಿದೇಶದ ಬೀದಿ, ಮೇಲೆ ಗಿರ್ಮಿಟ್ಟು ಎಂಬ ಮಾತು. ಹೀಗೆ ಎರಡಕ್ಕೂ ತಾಳೆಯಾಗದಿದ್ದರೆ, ಫೋಟೋ ಎರವಲು ತಂದದ್ದು ಎಂದು ತಿಳಿಯಿರಿ. ಆಮೇಲೂ ಗೊತ್ತಾಗದಿದ್ದರೆ ಮೊಬೈಲಿನ Google Lensನಲ್ಲಿ ಆ ಫೋಟೋ ತೆರೆಯಿರಿ. ಅದೇ ಫೋಟೋ ಬೇರೆ ಬೇರೆ ಮಾತುಗಳೊಂದಿಗೆ ಸಾಲಾಗಿ ಬರುತ್ತದೆ. ನಾಲ್ಕು ನೋಡುವಷ್ಟರಲ್ಲಿ ಯಾರ ಪಾತ್ರ ಏನು ಎಂದು ತಾನಾಗೇ ಹೊಳೆಯುತ್ತದೆ. ಈ ಟೆಂಪ್ಲೇಟಿನ ಹೆಸರು Distracted Boyfriend. ಹಾಗೆ ಟೈಪ್ ಮಾಡಿ ಹುಡುಕಿದರೂ ಸಿಗುತ್ತದೆ.

ಟೆಂಪ್ಲೇಟ್ ಗೊತ್ತಿದ್ದೂ ಕೆಲವೊಮ್ಮೆ ನಗು ಬರುವುದಿಲ್ಲ. ಗಿರ್ಮಿಟ್ಟು ತಿಂದು ಗೊತ್ತಿಲ್ಲದವರಿಗೆ ನಿಮ್ಮ ಮೊಮ್ಮಗನ ಮೀಮ್ ಸಪ್ಪೆ. ಹಾಗೆಯೇ ಅವನು ನಾಳೆ ಕಂಪ್ಯೂಟರ್ ಪಾಠದ ಮಾತು ತುಂಬಿ ಕಳಿಸಿದರೆ ನಿಮಗೆ ಸಪ್ಪೆ. ಆಗ ‘ಮೀಮ್ ಅರ್ಥವಾಗಲಿಲ್ಲ’ ಎನ್ನಬೇಡಿ. ‘ಈ ಒಂದು ಮಾತು ಏನಪ್ಪಾ?’ ಎಂದು ಕೇಳಿ.

ಇನ್ನೊಂದು ಹೇಳಲೇಬೇಕು. ಫೋಟೋ ನೋಡಿ ನಿಮಗೆ ಕಸಿವಿಸಿಯಾಯಿತಲ್ಲ, ಅದು ತಪ್ಪಲ್ಲ. ಸ್ವೀಡನ್ನಿನ ಬಾನ್‌ಹೋಫ್ ಎಂಬ ಇಂಟರ್ನೆಟ್ ಕಂಪನಿ ಕೆಲಸಕ್ಕೆ ಜನ ಬೇಕೆಂದು ಇದೇ ಫೋಟೋ ಬಳಸಿತ್ತು. ಹುಡುಗ ‘ನೀವು’, ಜೊತೆಯವಳು ‘ನೀವು ಈಗ ಕೆಲಸ ಮಾಡುವ ಜಾಗ’, ಕೆಂಪು ಬಟ್ಟೆಯವಳು ಕಂಪನಿ. ಅದು ಹೆಂಗಸರನ್ನು ವಸ್ತುಗಳಂತೆ ತೋರಿಸುತ್ತದೆ ಎಂದು 2018ರಲ್ಲಿ ಅಲ್ಲಿನ ಜಾಹೀರಾತು ದೂರು ನೋಡುವ ಸಂಸ್ಥೆ ತೀರ್ಮಾನ ಕೊಟ್ಟಿತು. ಮೇಲೆ ಏನೇ ಬರೆದರೂ ಕೆಳಗಿನ ಫೋಟೋ ಅಳಿಸಿಹೋಗುವುದಿಲ್ಲ. ನಿಮ್ಮ ಮೊಮ್ಮಗನ ಉಪ್ಪಿಟ್ಟಿನಲ್ಲಿ ನನಗೆ ಕೆಡುಕು ಕಾಣಲಿಲ್ಲ. ಆದರೆ ಅದೇ ಜಾಗದಲ್ಲಿ ಮನೆಯ ಹೆಣ್ಣುಮಗಳ ಹೆಸರು ಬರೆದಿದ್ದರೆ ನೀವು ಬೈದದ್ದೇ ಸರಿ ಎನ್ನುತ್ತಿದ್ದೆ.

ಈಗ ನೀವೂ ಒಂದು ಉತ್ತರ ಕಳಿಸಬಹುದು. ಮಾತಿಲ್ಲದ ಖಾಲಿ ಫೋಟೋ ಸುಲಭವಾಗಿ ಸಿಗುತ್ತದೆ, ಮೊಮ್ಮಗನನ್ನೇ ಕೇಳಿ. ಹುಡುಗನ ಮೇಲೆ ‘ರಜೆಗೆ ಗದಗಿಗೆ ಬಂದ ಮೊಮ್ಮಗ’ ಎಂದು ಬರೆಯಿರಿ. ಕೆಂಪು ಬಟ್ಟೆಯವಳ ಮೇಲೆ ‘ಮೊಬೈಲು’. ಬಾಯಿ ತೆರೆದು ನಿಂತವಳ ಮೇಲೆ ‘ಅಜ್ಜಿ’.